ಓದಿ ತಿಳಿಸಲಾಗಿದೆ

ತಾಂಡೂರಿನ ಮುನ್ಸೀಫ ಕಚೇರಿಯ ಎದುರು ಒಂದು ಬೇವಿನ ಮರವಿತ್ತು. ಅದರ ಕೆಳಗೆ ಇಪ್ಪತ್ತೆರಡು ವರ್ಷ ಕೂತು ಕರಾರುಪತ್ರ ಬರೆದ ಬಕ್ಕಪ್ಪ, ತಾನು ಬರೆದದ್ದರ ಅರ್ಥ ಏನೆಂದು ಮೊದಲ ಸಲ ತಿಳಿದುಕೊಂಡದ್ದು ಕಚೇರಿಯ ಫಸಲಿ ಲೆಕ್ಕದ ಸಾವಿರದ ಮುನ್ನೂರ ನಲವತ್ತೇಳನೆಯ ವರ್ಷ. ಅವನನ್ನು ಹೀಗೆ ಆಡಿಕೊಳ್ಳುವ ಹಕ್ಕು ನನಗಿದೆ. ಅದೇ ಮರದ ಕೆಳಗೆ ಅವನ ಪಕ್ಕದ ಚಾಪೆ ನನ್ನದು. ನಾನು ಸರಕಾರದ ಛಾಪಾ ಕಾಗದ ಮಾರುತ್ತಿದ್ದೆ, ಅವನು ಅದರ ಮೇಲೆ ಬರೆಯುತ್ತಿದ್ದ. ಏನು ಬರೆಯುತ್ತಿದ್ದಾನೆಂದು ನಾನೂ ಕೇಳಿದವನಲ್ಲ. ಹಾಗಾಗಿ ಅವನ ತಪ್ಪಿನಲ್ಲಿ ನನ್ನದೂ ಅರ್ಧ ಪಾಲು ಎಂದು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಬಕ್ಕಪ್ಪನ ಅಕ್ಷರ ಬಹಳ ಚೆಂದ. ಉರ್ದು ಬರವಣಿಗೆಯನ್ನು ಅವನು ಮದರಸಾದಲ್ಲಿ ಕಲಿತವನಲ್ಲ, ಹಳೆಯ ಕಾಗದಗಳನ್ನು ನೋಡಿ ನೋಡಿ ಇಳಿಸಿಕೊಂಡು ಕಲಿತವನು. ಒಂದು ಚುಕ್ಕೆ ಬಿಟ್ಟವನಲ್ಲ, ಒಂದು ಚುಕ್ಕೆ ಕೂಡಿಸಿದವನಲ್ಲ. ಕಚೇರಿಯ ಭಾಷೆ ಉರ್ದು, ಅದರೊಳಗೆ ಅರ್ಧ ಪಾರಸಿ. ಊರಿನ ಜನರ ಮಾತು ಕನ್ನಡ, ತೆಲುಗು, ಸಂತೆಯಲ್ಲಿ ದಖನಿ, ಎಂದರೆ ಆಡು ಉರ್ದು. ಈ ಎರಡರ ನಡುವೆ ಬಕ್ಕಪ್ಪ ಕೂತಿದ್ದ. ಸೇತುವೆ ಅನ್ನುವ ಹಾಗಿಲ್ಲ, ಯಾಕೆಂದರೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಅವನ ಮೇಲಿಂದ ದಾಟಿ ಆಚೆಗೆ ಹೋದದ್ದನ್ನು ನಾನು ಕಂಡಿಲ್ಲ.

ಬಾಡಿಗೆ ಕರಾರಿಗೆ ಅವನ ಹತ್ತಿರ ಒಂದೇ ಮಾದರಿ. ಹಿಂದೆ ಹೈದರಾಬಾದಿನ ಯಾರೋ ನವಾಬರು ತಮ್ಮ ಬಂಗಲೆಯನ್ನು ರೈಲಿನ ಕೆಲಸಕ್ಕೆ ಬಂದ ಒಬ್ಬ ಇಂಗ್ಲಿಷ್ ಎಂಜಿನಿಯರನಿಗೆ ಬಾಡಿಗೆಗೆ ಕೊಟ್ಟಿದ್ದರಂತೆ. ಆ ಪತ್ರದ ನಕಲು ಹೇಗೋ ಬಕ್ಕಪ್ಪನ ಕೈಗೆ ಬಂದಿತ್ತು. ಅದರ ಏಳನೆಯ ಕಲಮು ಒಂದೂವರೆ ಪುಟ ಉದ್ದ, ನಡುವೆ ಎಲ್ಲೂ ನಿಲುಗಡೆ ಇಲ್ಲ. 'ಮುಸ್ತಾಜಿರ್' ಎಂದರೆ ಬಾಡಿಗೆದಾರ, 'ಮೂಜಿರ್' ಎಂದರೆ ಮಾಲಕ, ಅಷ್ಟು ಅವನಿಗೆ ಗೊತ್ತಿತ್ತು. ಕಲಮಿನ ನಡುವೆ 'ಬಿಲಾ ಉಜ್ರ್' ಎಂಬ ಮಾತು ಬರುತ್ತಿತ್ತು, ಎಂದರೆ ತಕರಾರಿಲ್ಲದೆ. ಅದನ್ನು ಬಕ್ಕಪ್ಪ ಗಟ್ಟಿಯಾಗಿ ಓದಿದಾಗ ಮಾಲಕರ ಮುಖ ಅರಳುತ್ತಿತ್ತು. ಏಳನೆಯ ಕಲಮು ಇಲ್ಲದ ಕರಾರು ಕರಾರೇ ಅಲ್ಲ ಎಂದು ಊರಿನ ಮಾಲಕರೆಲ್ಲ ನಂಬಿದ್ದರು. ಯಾರಿಗೂ ತಿಳಿಯದ್ದು ಅಂದಮೇಲೆ ಅದು ತಮ್ಮ ಪರವಾಗಿಯೇ ಇರಬೇಕು ಎಂಬುದು ಅವರ ಲೆಕ್ಕಾಚಾರ.

ಪ್ರತಿ ಪತ್ರದ ಕೊನೆಗೂ, ಹೆಬ್ಬೆಟ್ಟು ಮತ್ತು ಸಹಿಯ ಮೇಲೆ, ಬಕ್ಕಪ್ಪ ಒಂದು ಸಾಲು ಬರೆಯುತ್ತಿದ್ದ: 'ಉಭಯ ಪಕ್ಷದವರಿಗೆ ಅವರ ಮಾತಿನಲ್ಲಿ ಓದಿ ತಿಳಿಸಲಾಗಿದೆ.' ಅದೂ ಮಾದರಿಯಲ್ಲಿ ಇತ್ತು, ಆದ್ದರಿಂದ ಬರೆಯುತ್ತಿದ್ದ. ಓದಿ ತಿಳಿಸಿದ್ದು ಒಮ್ಮೆಯೂ ಇಲ್ಲ.

ಈಗ ಪೀರಮ್ಮನ ಸಂಗತಿ. ಅವಳದು ಕುರಿ ಸಾಕುವ ಮನೆತನ. ಗಂಡ ಖಂಡೆಪ್ಪ ವರ್ಷದ ಎಂಟು ತಿಂಗಳು ಹಿಂಡಿನ ಜೊತೆ ಯಾಲಾಲಿನ ಕಡೆಯ ಹೊಲಗಳಲ್ಲಿ ಇರುವವನು. ಸಹಿಗೆ ಬೇಕೆಂದಾಗ ಸಿಗುವ ಮನುಷ್ಯ ಅಲ್ಲವಾದ್ದರಿಂದ ಕರಾರು ಹೆಂಡತಿಯ ಹೆಸರಿನಲ್ಲೇ ಆಗಿತ್ತು. ಮರಿಗಳನ್ನೂ ಈದ ಕುರಿಗಳನ್ನೂ ಇಟ್ಟುಕೊಳ್ಳಲಿಕ್ಕೆ ಸ್ಟೇಷನ್ನಿನ ಹಿಂದಿನ ಖಾಲಿ ಜಾಗವನ್ನು ಐದು ವರ್ಷದ ಮುದ್ದತ್ತಿಗೆ ಹಿಡಿದಿದ್ದಳು. ಮಾಲಕ ಶಾಂತಪ್ಪ ಸಾಹುಕಾರ, ತೊಗರಿ ವ್ಯಾಪಾರಿ. ಮೊದಲ ವರ್ಷವೇ ಖಂಡೆಪ್ಪ ಅಲ್ಲಿ ದೊಡ್ಡಿ ಕಟ್ಟಿದ. ನಮ್ಮ ಕಡೆಯ ನೀಲಿ ಚಪ್ಪಡಿ ಕಲ್ಲನ್ನು ಆಳೆತ್ತರ ನಿಲ್ಲಿಸಿ, ಬುಡ ನೆಲದಲ್ಲಿ ಹೂತು, ನಲವತ್ತೆರಡು ಕಲ್ಲಿನ ಗೋಡೆ. ತೋಳ ಹಾರಲಿಕ್ಕಾಗದ ಗೋಡೆ. ಒಂದೊಂದು ಕಲ್ಲನ್ನೂ ಗಣಿಯಿಂದ ಬಂಡಿಯಲ್ಲಿ ತಂದದ್ದು, ಅದಕ್ಕೂ ಮೊದಲಿನ ಮೂರು ಬೇಸಿಗೆ ದುಡಿದು ಕೊಂಡದ್ದು. ಕಟ್ಟುವಾಗ ಶಾಂತಪ್ಪ ಅಲ್ಲೇ ಕೂತು ಪೀರಮ್ಮ ಕೊಟ್ಟ ಮಜ್ಜಿಗೆ ಕುಡಿದು, "ಕಲ್ಲ ಸೊಟ್ಟ ನಿಂತದ ನೋಡು" ಎಂದು ಬುದ್ಧಿಯನ್ನೂ ಹೇಳಿದ್ದ.

ಮೂರನೆಯ ವರ್ಷ ಶಾಂತಪ್ಪನಿಗೆ ಅಲ್ಲಿ ತೊಗರಿ ಗೋದಾಮು ಕಟ್ಟುವ ಮನಸ್ಸಾಯಿತು. ಜಾಗ ಬಿಡು ಎಂಬ ಬರಹವನ್ನು ಪೀರಮ್ಮನ ಕೈಗೆ ಕೊಟ್ಟ. ಅವಳು ಹೇಳಿದ ಮಾತು ಕೇಳುವ ಹೆಂಗಸು. ಮರುದಿನವೇ ಕುರಿಗಳನ್ನು ಕರಣಕೋಟದ ಹಾದಿಯ ಬೀಳು ಜಾಗಕ್ಕೆ ಹೊಡೆದುಕೊಂಡು ಹೋದಳು. ಕಲ್ಲು ಕೀಳಲು ಮಾತ್ರ ಖಂಡೆಪ್ಪ ಬಂಡಿ ಹೂಡಿಕೊಂಡು ಬರಬೇಕಿತ್ತು. ಹದಿನೆಂಟನೆಯ ದಿನ ಅವನು ಬಂದಾಗ ಕಲ್ಲಿನ ಮುಂದೆ ಶಾಂತಪ್ಪನ ಆಳುಗಳು ನಿಂತಿದ್ದರು. ವಕೀಲರು ಓದಿ ಹೇಳಿದ ಕರಾರಿನ ಹದಿನೈದು ದಿನದ ಗಡುವು ಮುಗಿಯಿತು, ಕಲ್ಲು ಸಾಹುಕಾರರದು, ಗೋದಾಮಿನ ನೆಲಕ್ಕೆ ಹಾಸುತ್ತಾರೆ ಎಂದರು. ಅತ್ತ ಬೀಳಿನಲ್ಲಿ ಮುಳ್ಳಿನ ಬೇಲಿ ದಾಟಿ ತೋಳ ಆಗಲೇ ನಾಲ್ಕು ಮರಿ ಒಯ್ದಿತ್ತು. ಕಲ್ಲು ಸಿಗದಿದ್ದರೆ ಆ ವರ್ಷದ ಮರಿಗಳು ಉಳಿಯುವ ಹಾಗಿರಲಿಲ್ಲ.

ಶಾಂತಪ್ಪನೇ ಮುಂದಾಗಿ ದಾವೆ ಹಾಕಿದ. ವಕೀಲ ಆತ್ಮಾರಾಮ ಪಂತರು ಮುನ್ಸೀಫರ ಮುಂದೆ ಏಳನೆಯ ಕಲಮನ್ನು ಓದಿದರು. ಹದಿನೈದು ದಿನ ಬಂತು, 'ಬಿಲಾ ಉಜ್ರ್' ಬಂತು, ಅಲ್ಲಿಗೆ ನಿಲ್ಲಿಸಿದರು.

ಮುನ್ಸೀಫರು ಹೈದರಾಬಾದಿನವರು, ಸೆಕೆಗೆ ಬೇಸತ್ತಿದ್ದರು. "ಮುಂದೆ ಇನ್ನೂ ಇದೆಯಲ್ಲ?" ಎಂದು ಉರ್ದುವಿನಲ್ಲಿ ಕೇಳಿದರು.

"ಮುಂದಿನದು ವಾಡಿಕೆಯ ಮಾತು ಹುಜೂರ್" ಎಂದರು ಪಂತರು. ಅವರೂ ಓದಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಮುನ್ಸೀಫರು ಪೀರಮ್ಮನನ್ನು ಕೇಳಿದರು, ಈ ಕಲಮು ನಿನಗೆ ಗೊತ್ತಿತ್ತೇ ಎಂದು. ಅವಳು ಮುರುಕು ದಖನಿಯಲ್ಲಿ, ನನಗೆ ಯಾರೂ ಹೇಳಿಲ್ಲ ಎಂದಳು. ಪಂತರು ಎದ್ದು, "ಗೊತ್ತಿರಲಿ ಬಿಡಲಿ, ಹೆಬ್ಬೆಟ್ಟು ಒತ್ತಿದ ಮೇಲೆ ಕಟ್ಟುಬಿದ್ದ ಹಾಗೆ. ಗೊತ್ತಿರಲಿಲ್ಲ ಎಂಬುದು ಕಾನೂನಿನಲ್ಲಿ ಜವಾಬಲ್ಲ" ಎಂದರು. ಶಾಂತಪ್ಪ ಹಿಂದಿನಿಂದ ಜೋರಾಗಿ ತಲೆ ಆಡಿಸಿದ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಶಾಂತಪ್ಪನಂತೂ ಸಾಯುವ ತನಕ ಇಟ್ಟುಕೊಂಡ.

ಮುನ್ಸೀಫರು ಪತ್ರವನ್ನು ತಿರುವಿ ಕೊನೆಯ ಸಾಲು ನೋಡಿದರು. ಓದಿ ತಿಳಿಸಲಾಗಿದೆ, ಬರೆದವನು ಬಕ್ಕಪ್ಪ. ಮರದ ಕೆಳಗಿಂದ ಅವನನ್ನು ಕರೆಸಿದರು. ಇವರಿಗೆ ಆಗ ಹೇಗೆ ತಿಳಿಸಿದೆಯೋ ಹಾಗೆಯೇ ಈ ಒಂದು ಕಲಮನ್ನು ಕನ್ನಡದಲ್ಲಿ ಬರೆದು ತಾ, ಈ ಹೆಂಗಸಿಗೆ ಒಂದೇ ಸಲಕ್ಕೆ ತಿಳಿಯಬೇಕು, ಆದರೆ ಅರ್ಥದಲ್ಲಿ ಸಾಸಿವೆಯಷ್ಟು ಹೆಚ್ಚಾಗಬಾರದು, ಕಡಿಮೆಯಾಗಬಾರದು ಎಂದು ನಾಲ್ಕು ದಿನದ ಗಡುವು ಕೊಟ್ಟರು.

ಬಕ್ಕಪ್ಪ ಹೊರಗೆ ಬಂದು ಚಾಪೆಯ ಮೇಲೆ ಕೂತ. ಮುಖ ಸುಣ್ಣವಾಗಿತ್ತು.

"ಮಾಣಿಕಾ, ನಾ ಆಗ ಹ್ಯಾಂಗ ತಿಳಿಸೀದೆ?" ಎಂದ.

"ತಿಳಿಸೇ ಇಲ್ಲಲ್ಲೋ ನೀ" ಎಂದೆ.

"ಅದೇ ಹೇಳಾಕತ್ತೀನಿ."

ಆ ಸಂಜೆಯೇ ಶಾಂತಪ್ಪ ಮರದ ಹತ್ತಿರ ಬಂದ. ಬಕ್ಕಪ್ಪ ಇದ್ದ ಮನೆಯೂ ಶಾಂತಪ್ಪನದೇ, ಬಾಡಿಗೆಯದು. "ಬಕ್ಕಪ್ಪ, ಛಲೋ ಬರಿ. ಆಕಿಗಿ ಎದಿ ಒಡಿಯೋ ಹಂಗ ಬರಿ. ನಿಂದೂ ನಂದೂ ಇವತ್ತಿನ ಸಂಬಂಧ ಅಲ್ಲ" ಎಂದು ನಕ್ಕು ಹೋದ. ಅದು ಬೆದರಿಕೆ ಅಲ್ಲ. ಕಲಮು ತನ್ನದೇ ಪರ ಎಂದು ಅವನು ಪೂರ್ತಿ ನಂಬಿದ್ದ. ಸ್ಪಷ್ಟವಾಗಿ ಬರೆಸಿದಷ್ಟೂ ತನಗೇ ಲಾಭ ಎಂಬ ಹುರುಪು ಅವನಿಗೆ.

ಮರುದಿನ ಮಧ್ಯಾಹ್ನ ಊಟಕ್ಕೆ ಬಕ್ಕಪ್ಪ ನನ್ನನ್ನೂ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಜನಾಬಾಯಿ ಓದು ಬಲ್ಲವಳಲ್ಲ. ಬಾಯಿ ಮಾತ್ರ ಪಂತರನ್ನು ಮೀರಿಸುವಂಥದ್ದು. ಪೀರಮ್ಮನಿಗೆ ತಿಳಿಯಬೇಕಾದರೆ ಮೊದಲು ಜನಾಬಾಯಿಗೆ ತಿಳಿಯಬೇಕು ಎಂದು ಬಕ್ಕಪ್ಪ ಅಂದುಕೊಂಡಿದ್ದ. ಅವನ ಜೀವಮಾನದ ಒಳ್ಳೆಯ ಯೋಚನೆ ಅದೊಂದೇ ಎಂದು ನನ್ನ ಅಭಿಪ್ರಾಯ.

ಮೊದಲ ಕರಡು ಓದಿದ. ಉರ್ದು ಮಾತುಗಳನ್ನೆಲ್ಲ ಹಾಗೆಯೇ ಇಟ್ಟು ಕೊನೆಗೆ ಮಾತ್ರ ಕನ್ನಡ ಸೇರಿಸಿದ್ದ. ಒಂದೂವರೆ ಪುಟ ಒಂದೇ ಉಸಿರು. ಜನಾಬಾಯಿ ರೊಟ್ಟಿ ತಟ್ಟುತ್ತ ಕೇಳಿ, "ಯಾರ್ಗಿ ದೆವ್ವ ಬಡದದ? ಮಂತ್ರ ಹಾಕಾಕತ್ತೀರೇನ್ರಿ?" ಎಂದಳು.

ಬಕ್ಕಪ್ಪನಿಗೆ ಸಿಟ್ಟು ಬಂತು. ಮಾದರಿ ಪತ್ರ ತೆಗೆದ. ಅಂದು ಅವನು ಮಾಡಿದ್ದನ್ನು ನಾನು ಹೊಗಳಲೇಬೇಕು. ಕಲಮಿನ ಒಂದೊಂದೇ ತುಂಡನ್ನು ಬೆರಳಿನಿಂದ ಹಿಡಿದು, ಇಲ್ಲಿ ಮಾಡುವವನು ಯಾರು, ಏನು ಮಾಡಬೇಕು, ಮಾಡಲೇಬೇಕೋ ಮಾಡಬಹುದೋ, ಎಂದಿನಿಂದ ಎಂದಿನವರೆಗೆ, ಮಾಡದಿದ್ದರೆ ಏನು ಎಂದು ಬೇರೆ ಬೇರೆ ಮಾಡುತ್ತ ಹೋದ. ತಿಳಿಯದ ಪಾರಸಿ ಮಾತುಗಳನ್ನು ಕೇಳಲು ಎರಡು ಸಲ ಮಸೀದಿಯ ಮೌಲ್ವಿಗಳ ಹತ್ತಿರ ಓಡಿದ. ಎರಡನೆಯ ಸಲ ತಿರುಗಿ ಬಂದಾಗ ಅವನ ಮುಖದ ಬಣ್ಣವೇ ಬೇರೆಯಾಗಿತ್ತು.

"ಮಾಣಿಕಾ, ಪಂತರು ನಿಲ್ಲಿಸಿದ್ರಲ್ಲ, ಅದರ ಮುಂದ 'ಮಗರ್' ಅಂತ ಅದ. ಆದರೆ, ಅಂತ. ಇಪ್ಪತ್ತೆರಡು ವರ್ಷ ಆತು ನಾ ಅದನ್ನ ಬರಿಲಾಕತ್ತಿ. ಆದರೆ ಏನು ಅಂತ ನೋಡೇ ಇಲ್ಲ."

ಆ ಇಂಗ್ಲಿಷ್ ಎಂಜಿನಿಯರನ ವಕೀಲ ಜಾಣನಿದ್ದ. ನವಾಬರು ಹಾಕಿಸಿದ 'ಬಿಲಾ ಉಜ್ರ್' ಆದ ಮೇಲೆ, ಉಸಿರು ಬಿಡದೆ, ತನ್ನ ಕಕ್ಷಿದಾರನ ರಕ್ಷಣೆಯನ್ನೂ ಸೇರಿಸಿಬಿಟ್ಟಿದ್ದ. ತಾಂಡೂರಿನ ಮಾಲಕರು ಅದನ್ನು ತಮ್ಮ ಕೋವಿ ಎಂದುಕೊಂಡು ಇಷ್ಟು ವರ್ಷ ಬಾಡಿಗೆದಾರರಿಗೆ ಬರೆಸಿಕೊಡುತ್ತಿದ್ದರು.

ಎರಡನೆಯ ಕರಡು ಬಹಳ ಚಿಕ್ಕದಾಯಿತು. ಕಟ್ಟಿದ್ದನ್ನು ಹದಿನೈದು ದಿನದಲ್ಲಿ ಒಯ್ಯಬೇಕು, ಮಾಲಕ ನಡುವೆ ಬಿಡಿಸಿದರೆ ಮೂರು ತಿಂಗಳು. ಬಕ್ಕಪ್ಪ ಹೆಮ್ಮೆಯಿಂದ ಓದಿದ.

ಜನಾಬಾಯಿ ಕೇಳಿದಳು, "ಹಂಗಾರ ನಾ ಒಂದ್ ವರ್ಷ ಬಾಡ್ಗಿ ಕೊಡ್ದೆ ಕುಂತೀನಿ ಅನ್ರಿ. ಅದಕ್ಕ ಅವ ನಡುವ ಬಿಡಿಸ್ತಾನ. ನಂಗೂ ಮೂರು ತಿಂಗಳೇ?"

ಬಕ್ಕಪ್ಪ ಮೂಲ ನೋಡಿದ. "ಇಲ್ಲ. ಬಾಡಿಗೆದಾರನ ತಪ್ಪಿಲ್ಲದೆ ಅಂತ ಅದ. ಬಿಟ್ಟೀನಿ."

"ಮತ್ತ ಮೂರು ತಿಂಗಳು ಅಂದ್ರ ಯಾವತ್ತಿನಿಂದ?"

ಅದನ್ನೂ ಬಿಟ್ಟಿದ್ದ. ಹದಿನೈದು ದಿನ ಜಾಗ ಬಿಟ್ಟ ದಿನದಿಂದ, ಮೂರು ತಿಂಗಳು ಬರಹ ಕೈಗೆ ಬಂದ ದಿನದಿಂದ. ಎರಡಕ್ಕೂ ಬೇರೆ ಬೇರೆ ಮೊದಲು. ಚಿಕ್ಕದು ಮಾಡುವ ಆಸೆಗೆ ಬಿದ್ದು ಅರ್ಧ ಕಾನೂನನ್ನು ಒಲೆಗೆ ಹಾಕಿದ್ದೆ ಎಂದು ಅವನೇ ಬೈದುಕೊಂಡ.

ಮೂರನೆಯ ಕರಡಿನಲ್ಲಿ 'ಮಾಲಕನ ಅಪ್ಪಣೆ ಪಡೆದು ಕಟ್ಟಿದ್ದರೆ' ಎಂದು ಬರೆದಿದ್ದ. ಆ ಮಾತು ನನ್ನ ಕಿವಿಗೇ ಚುಚ್ಚಿತು. "ಅಪ್ಪಣಿ ಅಂತ ಅದೇನು ಅದ್ರಾಗ?" ಎಂದೆ. ನೋಡಿದರೆ 'ಮಾಲಕನಿಗೆ ಗೊತ್ತಿದ್ದು' ಎಂದಷ್ಟೇ ಇತ್ತು. ಪೀರಮ್ಮ ಅಪ್ಪಣೆ ಕೇಳಿದವಳಲ್ಲ. ಶಾಂತಪ್ಪ ಮಜ್ಜಿಗೆ ಕುಡಿಯುತ್ತ ನೋಡಿದ್ದ. ಸಭ್ಯವಾಗಿ ಕೇಳಿಸಲಿ ಎಂದು ಹಾಕಿದ ಆ ಒಂದು ಮಾತು ನಲವತ್ತೆರಡು ಕಲ್ಲನ್ನು ನುಂಗಿಬಿಡುತ್ತಿತ್ತು. ಬಕ್ಕಪ್ಪ ಅದನ್ನು ಎರಡೆರಡು ಸಲ ಗೀಟು ಹಾಕಿ ಹೊಡೆದುಹಾಕಿದ.

ಇನ್ನೊಂದು ಕಡೆ ಅವನಿಗೆ ಕರುಣೆ ಅಡ್ಡ ಬಂತು. ಕೊನೆಗೆ, ಕಲ್ಲು ಕಿತ್ತ ಮೇಲೆ ಬಾಡಿಗೆದಾರ ಕುಣಿಗಳನ್ನು ಮುಚ್ಚಿ ನೆಲವನ್ನು ಮೊದಲಿನ ಹಾಗೆ ಮಾಡಿ ಕೊಡಬೇಕು ಎಂದಿತ್ತು. "ಪಾಪ, ಹೆಣ್ಣುಮಗಳು. ಇದೊಂದು ಬಿಟ್ರ ಯಾರಿಗಿ ಗೊತ್ತಾಗ್ತದ?" ಎಂದ.

"ಸಾಸಿವೆಯಷ್ಟು ಕಡಿಮೆಯಾಗಬಾರದು ಅಂದಾರ ಮುನ್ಸೀಫರು" ಎಂದೆ. ಅವನು ಬರೆದ. ಚುಕ್ಕೆ ಬಿಡದ ಹಳೆಯ ಚಟ ಅವನ ಕೈಹಿಡಿಯಿತೆಂದು ಕಾಣುತ್ತದೆ. ಅರ್ಥ ತಿಳಿಯದೆ ಬೆಳೆಸಿಕೊಂಡ ಗುಣ ಅರ್ಥ ತಿಳಿದ ದಿನ ಉಪಯೋಗಕ್ಕೆ ಬಂತು.

ಏಳನೆಯ ಸಲ ಬರೆದದ್ದು ಹೀಗಿತ್ತು:

'ಮಾಲಕನಿಗೆ ಗೊತ್ತಿದ್ದು ಬಾಡಿಗೆದಾರ ಈ ಜಾಗದಲ್ಲಿ ಏನಾದರೂ ಕಟ್ಟಿದ್ದರೆ, ಅದನ್ನು ಬಿಚ್ಚಿ ಒಯ್ಯಬಹುದು. ಜಾಗ ಬಿಟ್ಟ ದಿನದಿಂದ ಹದಿನೈದು ದಿನದೊಳಗೆ ಒಯ್ಯಬೇಕು. ಆದರೆ ಮುದ್ದತ್ತು ಮುಗಿಯುವ ಮೊದಲೇ, ಬಾಡಿಗೆದಾರನ ತಪ್ಪಿಲ್ಲದೆ, ಮಾಲಕ ಜಾಗ ಬಿಡಿಸಿದರೆ, ಹದಿನೈದು ದಿನವಲ್ಲ, ಮೂರು ತಿಂಗಳು. ಜಾಗ ಬಿಡು ಎಂಬ ಬರಹ ಬಾಡಿಗೆದಾರನ ಕೈಗೆ ಬಂದ ದಿನದಿಂದ ಆ ಮೂರು ತಿಂಗಳು ಎಣಿಸಬೇಕು. ಈ ಗಡುವು ಮುಗಿಯುವ ತನಕ ಕಟ್ಟಿದ್ದನ್ನು ಮಾಲಕ ಮುಟ್ಟಬಾರದು. ಮುಗಿದ ಮೇಲೆ ಉಳಿದದ್ದು ಮಾಲಕನದು, ಬಾಡಿಗೆದಾರ ಅದಕ್ಕೆ ತಕರಾರು ಮಾಡುವಂತಿಲ್ಲ. ಒಯ್ದ ಮೇಲೆ ಬಾಡಿಗೆದಾರ ಕುಣಿಗಳನ್ನು ಮುಚ್ಚಿ ನೆಲವನ್ನು ಮೊದಲಿದ್ದ ಹಾಗೆ ಮಾಡಿ ಕೊಡಬೇಕು.'

ಜನಾಬಾಯಿಗೆ ಒಂದು ಸಲ ಓದಿದ. ಅವಳು ತನ್ನ ಮಾತಿನಲ್ಲಿ ಪೂರ್ತಿ ತಿರುಗಿ ಹೇಳಿದಳು, ಒಂದೂ ಬಿಡದೆ. ಆಮೇಲೆ ಕೇಳಿದಳು, "ಇದು ನಮ್ಮ ಮನಿ ಕಾಗದದಾಗೂ ಅದ ಏನ್ರಿ?"

"ಅದ" ಎಂದ ಬಕ್ಕಪ್ಪ. "ನಾನೇ ಬರ್ದೀನಿ." ಹಿತ್ತಲಿನಲ್ಲಿ ಅವನೇ ಚಪ್ಪಡಿ ನಿಲ್ಲಿಸಿ ಕಟ್ಟಿದ ಅಡುಗೆಮನೆಯ ಕಡೆ ಮೂವರೂ ನೋಡಿದೆವು.

ನಾಲ್ಕನೆಯ ದಿನ ಕಚೇರಿಯಲ್ಲಿ ಬಕ್ಕಪ್ಪ ಓದಿದ. ಪೀರಮ್ಮ ಕಟಕಟೆಯ ಹತ್ತಿರ ನಿಂತು ಉಣ್ಣೆಯ ದಾರ ಹಿಡಿದಿದ್ದಳು. ಯಾವ ಹೊಲದಲ್ಲಿ ಎಷ್ಟು ದಿನ ಹಿಂಡು ನಿಲ್ಲಿಸಬೇಕು ಎಂಬುದನ್ನೆಲ್ಲ ಅವಳು ದಾರಕ್ಕೆ ಗಂಟು ಹಾಕಿ ನೆನಪಿಡುವವಳು. ಬಕ್ಕಪ್ಪ ಓದುತ್ತ ಹೋದಂತೆ ಗಂಟು ಹಾಕುತ್ತ ಹೋದಳು. ಒಯ್ಯುವುದಕ್ಕೆ ಒಂದು, ಹದಿನೈದು ದಿನಕ್ಕೆ ಒಂದು, ಮೂರು ತಿಂಗಳಿಗೆ ಒಂದು, ಗಡುವಿನ ತನಕ ಮುಟ್ಟಬಾರದು ಮುಗಿದ ಮೇಲೆ ಕೇಳಬಾರದು ಎಂಬುದಕ್ಕೆ ಒಂದು, ಕುಣಿಗೆ ಒಂದು. ಐದು ಗಂಟು.

ಮೂರನೆಯ ಗಂಟಿಗೇ ಶಾಂತಪ್ಪ ಎದ್ದು ನಿಂತಿದ್ದ. "ಇದು ಸುಳ್ಳು! ಇಂವ ಕಲಮ ಬದಲ ಮಾಡ್ಯಾನ! ಆಕಿ ಕಡಿಂದ ಕುರಿ ತಿಂದಾನ!"

ಮುನ್ಸೀಫರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವರು ತೂಗಿ ನೋಡಿದ ರೀತಿಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಮೂಲ ಪತ್ರವನ್ನು ಪಂತರ ಕೈಗೆ ಕೊಟ್ಟು, ಈ ಸಲ ಕೊನೆಯ ತನಕ ಮನಸ್ಸಿನಲ್ಲೇ ಓದಿಕೊಳ್ಳಿ ಎಂದರು. ಆಮೇಲೆ ಒಂದೊಂದೇ ಸಂದರ್ಭ ಹೇಳಿ, ಮೊದಲು ಪೀರಮ್ಮನನ್ನು, ಆಮೇಲೆ ಪಂತರನ್ನು ಕೇಳುತ್ತ ಹೋದರು. ಮುದ್ದತ್ತು ಮುಗಿದು ಬಿಟ್ಟರೆ ಎಷ್ಟು ದಿನ? ಪೀರಮ್ಮ ಎರಡನೆಯ ಗಂಟು ಮುಟ್ಟಿ ಹದಿನೈದು ಎಂದಳು. ಪಂತರು ಕಾಗದ ನೋಡಿ ಹದಿನೈದು ಎಂದರು. ನಡುವೆ, ತಪ್ಪಿಲ್ಲದೆ ಬಿಡಿಸಿದರೆ? ಮೂರು ತಿಂಗಳು. ಪಂತರು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡರು. "ಮೂರು ತಿಂಗಳು, ಹುಜೂರ್." ಬಾಡಿಗೆ ಬಾಕಿ ಇಟ್ಟದ್ದಕ್ಕೆ ನಡುವೆ ಬಿಡಿಸಿದರೆ? ಹದಿನೈದು, ಎಂದಳು ಪೀರಮ್ಮ, ಬಾಡಿಗೆದಾರರಿಗೆ ನಷ್ಟದ ಮಾತಾದರೂ. ಪಂತರೂ ಹದಿನೈದು ಎಂದರು. ಗಡುವು ಮುಗಿದ ಮೇಲೆ ಒಂದು ಕಲ್ಲು ಉಳಿದರೆ ಯಾರದು? ಸಾವ್ಕಾರರದು. ಮಾಲಕರದು ಹುಜೂರ್. ಕುಣಿಯ ತನಕ ಒಂದೂ ಹೆಚ್ಚುಕಡಿಮೆ ಬರಲಿಲ್ಲ.

"ಎರಡೂ ಒಂದೇ" ಎಂದರು ಮುನ್ಸೀಫರು. ಕೈಗೆ ಬರಹ ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಬಾಡಿಗೆ ಬಾಕಿ ಇರಲಿಲ್ಲ.

ಶಾಂತಪ್ಪ ತಡೆಯದೆ ಕೂಗಿದ. "ಹುಜೂರ್, ಇದು ನಂಗ ಯಾರೂ ಹೇಳಿಲ್ರಿ! ನಂಗ ಗೊತ್ತೇ ಇದ್ದಿಲ್ಲ!"

ಮುನ್ಸೀಫರು ಅವನ ಮಾತನ್ನು ಉರ್ದುವಿನಲ್ಲಿ ಹೇಳಿಸಿಕೊಂಡು, ಪಂತರ ಕಡೆ ತಿರುಗಿದರು. "ವಕೀಲ ಸಾಹೇಬರೇ, ಮೊನ್ನೆ ಇದಕ್ಕೆ ನೀವೇನೋ ಹೇಳಿದ್ದಿರಿ."

ಪಂತರು ತಮ್ಮ ಕಾಗದಗಳನ್ನು ಕಟ್ಟತೊಡಗಿದರು. ಹೇಳುವುದನ್ನೆಲ್ಲ ಮೊನ್ನೆಯೇ ಹೇಳಿದ್ದರು.

ಅಲ್ಲಿಗೆ ಮುಗಿಯಿತು ಎಂದು ನಾವು ಏಳುವಷ್ಟರಲ್ಲಿ ಮುನ್ಸೀಫರು ಬಕ್ಕಪ್ಪನನ್ನು ಕೇಳಿದರು. ಕರಾರಿನ ದಿನ ನೀನು ಇವರಿಬ್ಬರಿಗೂ ಓದಿ ತಿಳಿಸಿದ್ದು ನಿಜವೇ?

ಹೌದು ಎಂದರೆ ಎಲ್ಲ ಸಲೀಸು. ಇಲ್ಲ ಎಂದರೆ ಪತ್ರ ಬರೆಯಲು ಸರಕಾರ ಕೊಟ್ಟ ಸನದು ಹೋಗಬಹುದು, ಸನದು ಹೋದರೆ ಮರದ ನೆರಳೂ ಹೋಗುತ್ತದೆ. ನಾನು ಹಿಂದಿನಿಂದ ಹೌದೆನ್ನು, ಹೌದೆನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಕ್ಕಪ್ಪ ಕೈಮುಗಿದು, "ಇಲ್ಲ ಹುಜೂರ್. ಇವತ್ತು ತಿಳಿಸೀನಿ. ನಂಗೂ ಈ ನಾಲ್ಕು ದಿನದಾಗೇ ತಿಳದದ" ಎಂದ.

ಕಚೇರಿಯಲ್ಲಿ ನಗು ಎದ್ದಿತು. ಮುನ್ಸೀಫರು ನಗಲಿಲ್ಲ. ಅವನ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಒಂದು ಕಪ್ಪು ಮಾತು ಬರೆಸಿದರು, ಇನ್ನೊಮ್ಮೆ ಸುಳ್ಳು ಬರೆದರೆ ಸನದು ರದ್ದು ಎಂದು. ಆ ದಿನ ನನಗೆ ಅವನ ಮೇಲೆ ಬಂದ ಸಿಟ್ಟು, ಪ್ರೀತಿ ಎರಡನ್ನೂ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಖಂಡೆಪ್ಪ ಎರಡು ಬಂಡಿ ಹೂಡಿ ಐದು ದಿನದಲ್ಲಿ ನಲವತ್ತೆರಡು ಕಲ್ಲೂ ಒಯ್ದ. ಪೀರಮ್ಮ ಕುಣಿಗಳನ್ನೆಲ್ಲ ತುಂಬಿ, ನೀರು ಹಾಕಿ ತುಳಿದು, ಶಾಂತಪ್ಪನನ್ನು ಕರೆಸಿ ತೋರಿಸಿದಳು. ಅವನು ನೋಡುವುದಿಲ್ಲ ಎಂದರೂ ಬಿಡಲಿಲ್ಲ. ಐದನೆಯ ಗಂಟನ್ನು ಅವನ ಎದುರಿಗೇ ಬಿಚ್ಚಿದಳು.

ಬಕ್ಕಪ್ಪನ ವ್ಯವಹಾರ ಬಿದ್ದುಹೋಯಿತು. ಮಾಲಕರು ಅವನ ಚಾಪೆಯತ್ತ ಬರುವುದನ್ನೇ ಬಿಟ್ಟರು. ಬಾಡಿಗೆದಾರರೂ ಮೊದಮೊದಲು ಅನುಮಾನಪಟ್ಟರು. ಇಷ್ಟು ಸುಲಭವಾಗಿ ತಿಳಿಯುವುದು ಕಚೇರಿಯಲ್ಲಿ ನಡೆಯುತ್ತದೆಯೇ, ನಡುವೆ ನಾಲ್ಕು ಪಾರಸಿ ಮಾತು ಹಾಕಿಕೊಡಿ ಎಂದು ಕೇಳಿದವರೂ ಇದ್ದರು. ಈಗ ಅವನು ಕೊನೆಯ ಸಾಲು ಬರೆಯುವ ಮೊದಲು ಎದುರಿನವರಿಂದ ತಿರುಗಿ ಹೇಳಿಸುತ್ತಿದ್ದ. ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರೂ ನನ್ನ ಹತ್ತಿರ ಕಾಗದ ಕೊಳ್ಳುತ್ತಿರಲಿಲ್ಲ.

ಹದಿನೈದು ದಿನ ಕಳೆದು ಶಾಂತಪ್ಪನೇ ಬಕ್ಕಪ್ಪನ ಮನೆ ಬಾಗಿಲಿಗೆ ಬಂದ, ಕೈಯಲ್ಲೊಂದು ಕಾಗದ. ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಬಾಗಿಲಿಗೆ ಹೋದವಳು ಜನಾಬಾಯಿ.

"ಮನಿ ಬಿಡ್ಬೇಕು. ಬರ್ದು ತಂದೀನಿ" ಎಂದ ಶಾಂತಪ್ಪ.

"ಕೈಯಾಗ ಕೊಡ್ರಿ ಸಾವ್ಕಾರ್ರೆ. ಕೈಯಾಗ ಬಂದ ದಿನದಿಂದ ಎಣಿಕಿ" ಎಂದಳು ಜನಾಬಾಯಿ. ಕಾಗದ ಈಸಿಕೊಂಡು ಮುಂದುವರಿಸಿದಳು. "ನಮ್ಮ ಮುದ್ದತ್ತು ಇನ್ನಾ ಎರಡು ವರ್ಷ ಅದ. ಬಾಡ್ಗಿ ಬಾಕಿ ಇಲ್ಲ, ನಮ್ಮ ತಪ್ಪಿಲ್ಲ. ಅಡಗಿಮನಿ ಕಟ್ಟಿದ್ದು ನಿಮಗ ಗೊತ್ತದ, ಅದ್ರಾಗ ಕುಂತು ನೀವೇ ಹೋಳಗಿ ಉಂಡೀರಿ. ಹಂಗಾಗಿ ಮೂರು ತಿಂಗಳು. ಅಲ್ಲಿತನ ಒಂದು ಕಲ್ಲ ಮುಟ್ಟಬ್ಯಾಡ್ರಿ. ಆಮ್ಯಾಲ ಏನರ ಉಳದ್ರ ಒಯ್ರಿ, ನಾ ಕೇಳಾಂಗಿಲ್ಲ."

ಶಾಂತಪ್ಪ ತಿರುಗಿ ಹೋದ. ಒಳಗೆ ಬಕ್ಕಪ್ಪ ಚಹಾದ ಬಟ್ಟಲು ಹಿಡಿದು ಕೂತಿದ್ದ, ಕಣ್ಣಲ್ಲಿ ನೀರು. ಮನೆ ಹೋಗುವುದಕ್ಕೆ ಅಳುತ್ತಿದ್ದಾನೆ ಅಂದುಕೊಂಡೆ. "ಒಂದೂ ಬಿಡಲಿಲ್ಲ ನೋಡು ಆಕಿ" ಎಂದ.

ಮೂರು ತಿಂಗಳು ತುಂಬುವ ಎರಡು ದಿನ ಮೊದಲು ಪೀರಮ್ಮ ಬಂಡಿ ಹೊಡೆದುಕೊಂಡು ಬಂದಳು, ಯಾರೂ ಕರೆದಿರಲಿಲ್ಲ. ಕರಣಕೋಟದ ಹಾದಿಯಲ್ಲಿ ತನ್ನ ದೊಡ್ಡಿಯ ಪಕ್ಕದಲ್ಲೇ ಒಂದು ಮನೆ ಗೊತ್ತು ಮಾಡಿದ್ದಳು. ಅಡುಗೆಮನೆಯ ಹನ್ನೊಂದು ಚಪ್ಪಡಿ ಕಿತ್ತು ಬಂಡಿಗೆ ಹೇರಿದೆವು. ಪಾತ್ರೆ, ಚಾಪೆ, ಮಾದರಿ ಪತ್ರದ ಪೆಟ್ಟಿಗೆ ಎಲ್ಲ ಏರಿತು. ಬಕ್ಕಪ್ಪ ಮೇಲೆ ಹತ್ತಿ ಕೂತು, ಮನೆಯ ಕಡೆ ಕೊನೆಯ ಸಲ ನೋಡಿ, ಹೊಡಿ ಎಂದ.

ಪೀರಮ್ಮ ಎತ್ತು ಹೊಡೆಯಲಿಲ್ಲ. ಹಗ್ಗ ಹಿಡಿದುಕೊಂಡೇ ಹಿತ್ತಲಿನ ಕಡೆ ನೋಡಿದಳು.

"ಬಕ್ಕಪ್ಪಣ್ಣ, ಕುಣಿ ಯಾರ್ ಮುಚ್ಚತಾರ?"

ಬಕ್ಕಪ್ಪ ನನ್ನ ಮುಖ ನೋಡಿದ. ನಾನು ಜನಾಬಾಯಿಯ ಮುಖ ನೋಡಿದೆ. ಆಮೇಲೆ ಬಕ್ಕಪ್ಪ ಬಂಡಿಯಿಂದ ಇಳಿದು, ಸಾಮಾನಿನ ಅಡಿಯಿಂದ ಸಲಿಕೆ ಎಳೆದುಕೊಂಡು ಹಿತ್ತಲಿಗೆ ಹೋದ.